ಬ್ಯಾಡಗಿ ಪುಡಿ ತೂಗೋ ರೋಬೋಟ್: ಅಂಕಿ ಯಾಕ ಕುಣಿತೈತಿ?

ನಮಸ್ಕಾರ್ರಿ, ಹುಬ್ಬಳ್ಳಿ ಬೆಂಚಿಗೆ ಮತ್ತೊಮ್ಮೆ ಬರ್ರಿ. ಇವತ್ತು ಬ್ಯಾಡಗಿ ಮೆಣಸಿನಕಾಯಿ ಪುಡಿ 250 ಗ್ರಾಂ ಪಾಕೀಟಿಗೆ ತಾನಽ ತೂಗಿ ತುಂಬೋ ಯಂತ್ರದ ತಕ್ಕಡಿ ಭಾಗ. ಮ್ಯಾಲ ಡಬ್ಬಿ, ಅದರ ಬಾಯಾಗ ಪುಡಿ ತಳ್ಳೋ ಸ್ಕ್ರೂ, ಕೆಳಗ ತಟ್ಟೆ. ತಟ್ಟೆ ಅಡಿಗೆ 5 ಕೆಜಿ ಲೋಡ್ ಸೆಲ್, ಅಂದ್ರ ಭಾರಕ್ಕ ಬಾಗಿ ತೂಕ ಹೇಳೋ ಲೋಹದ ಪಟ್ಟಿ.

ಸೆಲ್‌ನ ಬೋಲ್ಟ್ ಬಿಗಿಯೋದು ಕಾಣ್ತೈತಿ, ಹೇಳೂದಿಲ್ಲ. ಒಂದಽ ಮಾತು: ಎರಡೂ ತುದಿಗೆ ವಾಷರ್ ಹಾಕ್ರಿ. ಪಟ್ಟಿಯ ನಡುಭಾಗ ಯಾವುದಕ್ಕೂ ತಾಗಬಾರದು. ಅದು ಬಾಗಬೇಕು, ಬಾಗಿದರನ ತೂಕ. ತುದಿಯಾಗಿನ ಬಾಣದ ಗುರುತು ಕೆಳಗ ನೋಡಬೇಕು. ನಡುವಿನ ಬಿಳೇ ಅಂಟು ಕೆದರಬ್ಯಾಡ್ರಿ, ಬಾಗೋದನ್ನ ಅಳಿಯೋ ಗೇಜ್ ಅದರ ಕೆಳಗನ ಐತಿ.

ಸೆಲ್‌ನ ನಾಲ್ಕು ತಂತಿ: ಕೆಂಪು E+, ಕರಿ E-, ಇವು ಸೆಲ್‌ಗೆ ಕರೆಂಟ್ ಕೊಡೋವು; ಹಸಿರು A+, ಬಿಳಿ A-, ಇವು ತೂಕದ ಸಿಗ್ನಲ್ ತರೋವು. ಬಣ್ಣದ ಮ್ಯಾಲ ಭರವಸೆ ಇಡಬ್ಯಾಡ್ರಿ, ಮೀಟರ್ ಹಚ್ಚಿ ನೋಡ್ರಿ. ಕೆಂಪು-ಕರಿ ನಡುವ ಈ ಸೆಲ್‌ನಾಗ ಸಾವಿರ ಓಮ್ ಹತ್ರ ಬಂತು. ಹಸಿರು-ಬಿಳಿನೂ ಅಷ್ಟಽ. ಕೆಂಪು-ಹಸಿರು ನೋಡಿದ್ರ ಅದರ ಮುಕ್ಕಾಲು ಭಾಗ, 750. ಈ ಲೆಕ್ಕ ಕೂಡ್ಲಿಲ್ಲ ಅಂದ್ರ ಒಳಗೊಂದು ತಂತಿ ಹರಿದೈತಿ, ಇಲ್ಲಾ ಬಣ್ಣ ಅದಲುಬದಲು ಆಗೈತಿ.

ಆಂಪ್ಲಿಫೈಯರ್ ಬೋರ್ಡ್ ಇದು, HX711. ಹಸಿರು ಬಣ್ಣದ್ದು, ಎಲ್ಲಾ ಕಡೆ ಸಿಗೋದು. ಆರ್ಡುಯಿನೋ ನ್ಯಾನೋಗೆ DT ಪಿನ್ 3ಕ್ಕ, SCK 2ಕ್ಕ. ಮೊದಲು ಬರೇ ಕಚ್ಚಾ ಅಂಕಿ ನೋಡೋಣು:

```
#include "HX711.h"
HX711 scale;
void setup() {
  Serial.begin(9600);
  scale.begin(3, 2);
}
void loop() {
  Serial.println(scale.read_average(10));
}
```

ಈಗ ಸ್ಕ್ರೀನ್ ನೋಡ್ರಿ. ತಟ್ಟೆ ಖಾಲಿ, ಯಾರೂ ಮುಟ್ಟಿಲ್ಲ, ಅಂಕಿ ಜಾತ್ರ್ಯಾಗಿನ ತೊಟ್ಟಿಲ ಆಗೈತಿ. ಸಾವಿರ ಸಾವಿರ ಮ್ಯಾಲ ಕೆಳಗ. ಇಲ್ಲಿ ಎಲ್ಲಾರೂ ಮಾಡೋ ತಪ್ಪಂದ್ರ, ತಕ್ಷಣ ಫಿಲ್ಟರ್ ಬರಿಲಿಕ್ಕೆ ಕೂಡ್ತಾರ. ಇಪ್ಪತ್ತರ ಸರಾಸರಿ, ಐವತ್ತರ ಸರಾಸರಿ. ಬ್ಯಾಡ್ರಿ! ಕುಣಿಯೋದು ಎಲ್ಲಿಂದ ಬಂತು ಅಂತ ಮೊದಲು ಹುಡುಕ್ರಿ.

ಕರೆಂಟ್ ತಗೀರಿ, ಮೀಟರನ್ನ ಬೀಪ್‌ಗೆ ಇಡ್ರಿ. ಒಂದು ಕಡ್ಡಿ E- ಮ್ಯಾಲ, ಇನ್ನೊಂದು GND ಮ್ಯಾಲ. ಕೂಗಬೇಕು. ಕೂಗ್ಲಿಲ್ಲ, ಕೇಳಿದ್ರೆಲ್ಲ? ಈ ಹಸಿರು ಬೋರ್ಡುಗಳ ಪೈಕಿ ಕೆಲವದ್ರಾಗ E-ಯಿಂದ GND ಗೆ ತಾಮ್ರದ ಹಾದಿನಽ ಇಲ್ಲ. ಅಂದ್ರ ಸೆಲ್‌ಗೆ ಹೋದ ಕರೆಂಟು ವಾಪಸ್ ಬರಲಿಕ್ಕೆ ನೆಟ್ಟಗ ದಾರಿ ಇಲ್ಲ, ಸೆಲ್ ತೇಲಾಡ್ತೈತಿ. ಇದನ್ನ ಯಾವ ಫಿಲ್ಟರೂ ಸರಿ ಮಾಡೂದಿಲ್ಲ. ಕೋಡ್ ಬದಲಿ ಮಾಡ್ಕೋತ, ಸೆಲ್ ಬದಲಿ ಮಾಡ್ಕೋತ ಕುಂತ್ರ ಒಂದು ವಾರ ಹೋತು. ಬೇಕಾಗಿರೋದು ಎರಡು ಸೆಂಟಿಮೀಟರ್ ತಂತಿ: E- ಮತ್ತು GND ನಡುವ ಒಂದು ಜಂಪರ್. ಬೆಸುಗೆ ಹಾಕಿದ್ವಿ. ಈಗ ಕೂಗ್ತು. ಕರೆಂಟ್ ಕೊಟ್ಟು E+ ಮತ್ತು E- ನಡುವ ಅಳೀರಿ, 5 ವೋಲ್ಟ್ ಕೊಟ್ರ ಇಲ್ಲಿ ಸುಮಾರು 4.3 ಬರಬೇಕು. ಬಂತು. ಈ ಬೋರ್ಡ್ ತಗೋಬ್ಯಾಡ್ರಿ ಅಂತ ಹೇಳೋನಿದ್ದೆ, ಖರೆ. ತಂತಿ ಹಾಕಿದ ಮ್ಯಾಲ ಮಾತ್ರ ಇದರಾಗ ತಪ್ಪು ಹುಡುಕಲಿಕ್ಕೆ ಏನೂ ಉಳಿದಿಲ್ಲ. ತಗೋರಿ, ಆದ್ರ ಮೀಟರ್ ಹಚ್ಚಿ ತಗೋರಿ.

ಅಂಕಿ ಇನ್ನೂ ಸ್ವಲ್ಪ ನಿಧಾನಕ್ಕ ತೂಗಾಡ್ತೈತಿ, ನೋಡ್ರಿ. ಮ್ಯಾಲ ಕ್ಯಾಮೆರಾ ತಿರುಗಸ್ತೀನಿ. ಫ್ಯಾನ್! ಗಾಳಿ ತಟ್ಟೆ ಮ್ಯಾಲ ಬೀಳ್ತೈತಿ. ಈ ಬ್ಯಾಸಗ್ಯಾಗ ಫ್ಯಾನ್ ಬಂದ್ ಮಾಡ್ರಿ ಅನ್ನೋದು ಸುಲಭ, ಕೂಡೋದು ಕಷ್ಟ. ಮತ್ತ ಪುಡಿ ಹಾರಿದ್ರ ಸೀನು. ತಟ್ಟೆ ಸುತ್ತ ಮೂರು ಕಡೆ ರಟ್ಟಿನ ಗೋಡೆ ನಿಲ್ಲಿಸ್ರಿ, ಆತು. ಮೋಟಾರಿಗೆ ಬ್ಯಾರೆ ಸಪ್ಲೈ, ಗ್ರೌಂಡ್ ಒಂದಽ ಜಾಗದಾಗ ಕೂಡಬೇಕು. ಸೆಲ್ ತಂತಿ ಮೋಟಾರ್ ತಂತಿ ಜೋಡಿ ಓಡಬಾರದು.

ಈಗ ಕ್ಯಾಲಿಬ್ರೇಶನ್. ಸಕ್ಕರಿ ಪಾಕೀಟ್ ಇಟ್ಟು ಮಾಡಬ್ಯಾಡ್ರಿ. ಅದರ ಮ್ಯಾಲ ಬರದಿದ್ದು ಸಕ್ಕರಿ ತೂಕ, ಕವರ್ ತೂಕ ಬ್ಯಾರೆ. ಕಿರಾಣಿ ಅಂಗಡಿಯಿಂದ 1 ಕೆಜಿ ಕಬ್ಬಿಣದ ಕಲ್ಲು ಕೇಳಿ ತರ್ರಿ. ಹತ್ರದಿಂದ ತೋರಸ್ತೀನಿ: ಈ ತೂತಿನಾಗ ಸೀಸ ತುಂಬ್ಯಾರ, ಅದರ ಮ್ಯಾಲ ಮಾಪನ ಇಲಾಖೆ ಮುದ್ರಿ ಒತ್ಯಾರ. ಸೀಸ ಕಿತ್ತಿದ್ರ, ಮುದ್ರಿ ಅಳಿಸಿದ್ರ ಆ ಕಲ್ಲು ಬ್ಯಾಡ.

ಕರೆಂಟ್ ಕೊಟ್ಟು ಹತ್ತು ನಿಮಿಷ ಬಿಡ್ರಿ, ಬೋರ್ಡ್ ಕಾಯಲಿ. ಖಾಲಿ ತಟ್ಟೆಗೆ 83,240. ಕಲ್ಲು ಇಟ್ಟ ಮ್ಯಾಲ 5,11,740. ಕಳದ್ರ 4,28,500, ಸಾವಿರಕ್ಕ ಭಾಗಿಸಿದ್ರ ಗ್ರಾಂಗೆ 428.5. ಈ ಅಂಕಿ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿದ್ರೂ ಕೂಡ್ತೈತಿ: ಸೆಲ್ ವೋಲ್ಟಿಗೆ 1 ಮಿಲಿವೋಲ್ಟ್ ಕೊಡೋದಾದ್ರ 5 ಕೆಜಿಗೆ 4.3 ಮಿಲಿವೋಲ್ಟ್, ಆಂಪ್ಲಿಫೈಯರ್ ಅದನ್ನ 128 ಪಟ್ಟು ಹಿಗ್ಗಿಸಿ 24 ಬಿಟ್ ಅಂಕಿ ಮಾಡಿದ್ರ ಗ್ರಾಂಗೆ ಸುಮಾರು 430. ನಿಮಗ 40 ಅಂತ ಬಂದ್ರ ಎಲ್ಲೋ ಪಟ್ಟಿ ತಾಗೈತಿ. ಮೈನಸ್ ಬಂದ್ರ ಹಸಿರು-ಬಿಳಿ ಅದಲುಬದಲು, ಅಷ್ಟಽ.

```
scale.set_scale(428.5);
scale.tare(20);
```

ಟೇರ್ ಅಂದ್ರ ಖಾಲಿ ತಟ್ಟೆಯ ಅಂಕಿ ಸೊನ್ನೆ ಮಾಡೋದು. ಅದಾದ ಮ್ಯಾಲ 200 ಗ್ರಾಂ ಕಲ್ಲು ತಟ್ಟೆಯ ನಾಲ್ಕೂ ಮೂಲಿಗೆ ಇಟ್ಟು ನೋಡ್ರಿ. ನಾಲ್ಕೂ ಕಡೆ ಒಂದಽ ಬರಬೇಕು.

ಈಗ ಫಿಲ್ಟರ್. ಬೋರ್ಡ್ ಸೆಕೆಂಡಿಗೆ 10 ಓದು ಕೊಡ್ತೈತಿ. ಸ್ಕ್ರೂ ನಡಗಿದಾಗ ಒಮ್ಮೊಮ್ಮೆ ಒಂದು ಓದು ಪೂರಾ ಹಾರಿ ಹೋಗ್ತೈತಿ, ಸರಾಸರಿ ಅದನ್ನೂ ಸೇರಿಸ್ಕೊಂಡು ಕೆಡ್ತೈತಿ. ಅದಕ್ಕ ಕೊನೇ ಐದು ಓದು ಸಣ್ಣದರಿಂದ ದೊಡ್ಡದಕ್ಕ ಸಾಲಾಗಿ ಜೋಡಿಸಿ ನಡುವಿನದಷ್ಟ ತಗೋರಿ. ಇಪ್ಪತ್ತರ ಸರಾಸರಿ ಯಾಕ ಬ್ಯಾಡ? ಅದರಾಗ ಎರಡು ಸೆಕೆಂಡಿನ ಹಳೇ ಸುದ್ದಿ ಸೇರಿರ್ತೈತಿ. ಅಷ್ಟರಾಗ ಪುಡಿ ಹೊರಗ ಚೆಲ್ಲಿರ್ತೈತಿ.

ಐದರ ನಡು ಓದಿಗೂ ತಡ ಇದ್ದದ್ದಽ. ಬೋರ್ಡ್ ಪೂರಾ ನೆಲೆಗೊಳ್ಳಲಿಕ್ಕೆ 0.4 ಸೆಕೆಂಡ್, ನಡು ಓದಿಗೆ 0.2, ಕೂಡಿ 0.6. ಸ್ಕ್ರೂ ಜೋರಾಗಿ ತಿರುಗಿದ್ರ ಸೆಕೆಂಡಿಗೆ 40 ಗ್ರಾಂ ಬೀಳ್ತೈತಿ, ಅಂದ್ರ ಸ್ಕ್ರೀನಿನ ಅಂಕಿ ಹೆಚ್ಚಂದ್ರ 24 ಗ್ರಾಂ ಹಿಂದ. ಅದಕ್ಕ 220 ತೋರಿಸಿದಾಗ ಜೋರು ನಿಲ್ಲಿಸಬೇಕು, ಖರೇ ತೂಕ 244ರ ತನಕ ಹೋಗಿರ್ತೈತಿ. ಆಮ್ಯಾಲ ಸೆಕೆಂಡಿಗೆ 5 ಗ್ರಾಂ ನಿಧಾನ, ತಡ ಹೆಚ್ಚಂದ್ರ 3 ಗ್ರಾಂ. 247ಕ್ಕ ನಿಲ್ಸಿದ್ರ 250ರ ಹತ್ರ.

ಗಾಳ್ಯಾಗ ಬೀಳ್ತಿರೋ ಪುಡಿ ಲೆಕ್ಕ ಎಲ್ಲಿ ಹೋತು ಅಂತೀರಿ? ಬಿಡ್ರಿ, ಅದನ್ನ ಬ್ಯಾರೆ ಕಳಿಯೋದು ಬ್ಯಾಡ. ಬೀಳೋ ಪುಡಿ ತಟ್ಟೆಗೆ ಬಡಿದು ಸ್ವಲ್ಪ ಜಾಸ್ತಿ ತೂಕ ತೋರಸ್ತೈತಿ, ಆ ಜಾಸ್ತಿ ಬರೋಬ್ಬರಿ ಗಾಳ್ಯಾಗ ಇರೋ ಪುಡಿ ತೂಕದಷ್ಟಽ. ನಿಂತ ಜಾಗದಿಂದ ಬಿದ್ದು, ಹರಿವು ಒಂದಽ ಸಮ ಇದ್ರ ಮಾತ್ರ ಈ ಮಾತು. ಡಬ್ಬಿ ಬಾಯಾಗ ಗಂಟು ಕಟ್ಟಿ ಧಪ್ ಅಂತ ಬಿದ್ರ ಲೆಕ್ಕ ತಪ್ಪತೈತಿ.

ನಿಂತ ಮ್ಯಾಲ ಒಂದು ಸೆಕೆಂಡ್ ಕಾಯ್ದು ಓದ್ರಿ... 250.8. ಇದು ಅಂಗಡಿಯಾಗ ಮಾರೋ ತೂಕಕ್ಕ ಸಾಲೂದಿಲ್ಲ ಮತ್ತ, ಮುದ್ರಿ ಇರೋ ತಕ್ಕಡಿ ಮ್ಯಾಲ ಮತ್ತೊಮ್ಮೆ ಇಟ್ಟು ನೋಡ್ರಿ. ಪುಡಿ ಪಾಕೀಟಿಗೆ ಸುರುವಿದೆ, ತಟ್ಟೆ ಖಾಲಿ, ಆದ್ರೂ 0.9 ತೋರಸ್ತೈತಿ. ಮೂಲ್ಯಾಗ ಕೆಂಪು ಪುಡಿ ಕೂತೈತಿ, ಕಾಣ್ತೈತೇನ್ರಿ? ಬ್ರಷ್ ತಗೊಂಡು ಬರ್ತೀನಿ, ತಡೀರಿ, ಕ್ಯಾಮೆರಾ ಬ್ಯಾಟರಿ ಮುಗೀತು.