ಪುತ್ತರಿ ಪತ್ರದಲ್ಲಿ ಬಂಡವಾಳ ಕೇಳಬೇಡಿ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತು, ನಾನು ಗೋಣಿಕೊಪ್ಪದಲ್ಲಿ ಕೂತು ಹಬ್ಬದ ಪತ್ರ ಬರೆಯುತ್ತಿದ್ದೇನೆ. ನಮ್ಮದು ಸಣ್ಣ ಕಂಪನಿ. ಸಣ್ಣ ಬೆಳೆಗಾರರ ಕಾಫಿ ಕೊಂಡು, ಹುರಿದು ಮಾರುತ್ತೇವೆ. ಪತ್ರ ಹೋಗುವುದು ಹೂಡಿಕೆದಾರರಿಗೆ, ಬೆಳೆಗಾರರಿಗೆ, ನಮ್ಮ ಪುಡಿ ಇಟ್ಟು ಮಾರುವ ಅಂಗಡಿಯವರಿಗೆ. ನನ್ನ ಮಾತು ಒಂದೇ: ಈ ಪತ್ರದಲ್ಲಿ ಬಂಡವಾಳ ಕೇಳಬಾರದು.

ಕಳೆದ ವರ್ಷ ನಾನೇ ಕೇಳಲು ಹೊರಟಿದ್ದೆ. ಶುಭಾಶಯದ ಕೆಳಗೆ 'ಹೊಸ ಸುತ್ತಿನ ಹೂಡಿಕೆ ಶುರುವಾಗುತ್ತಿದೆ, ಆಸಕ್ತಿ ಇದ್ದವರು ತಿಳಿಸಿ' ಅಂತ ಒಂದು ಸಾಲು ಸೇರಿಸಿ, ಎಲ್ಲರಿಗೂ ಒಂದೇ ಮೇಲ್ ಕಳಿಸುವುದರಲ್ಲಿದ್ದೆ. ನಮ್ಮ ಕಂಪನಿ ಸೆಕ್ರೆಟರಿ ತಡೆದರು. ಪ್ರೈವೇಟ್ ಲಿಮಿಟೆಡ್ ಕಂಪನಿ ಹೊಸಬರಿಗೆ ಷೇರು ಕೊಡುವಾಗ ಸಾಮಾನ್ಯವಾಗಿ 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ದಾರಿ ಹಿಡಿಯಬೇಕು. ಯಾರಿಗೆ ಕೊಡುತ್ತೇವೆ ಅಂತ ಮೊದಲೇ ಗುರುತಿಸಿ, ಅವರ ಹೆಸರಿಗೇ ಆಫರ್ ಪತ್ರ ಕಳಿಸಬೇಕು. ಜಾಹೀರಾತು ಮಾಡಿ ಊರಿಗೆಲ್ಲ ಸಾರುವ ಹಾಗಿಲ್ಲ. ಹಬ್ಬದ ಪತ್ರವಾದರೋ ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗುತ್ತದೆ, ಸಂಜೆಯೊಳಗೆ ಯಾರದೋ ವಾಟ್ಸಾಪ್ ಸ್ಟೇಟಸ್‌ನಲ್ಲೂ ಇರುತ್ತದೆ, ಅಲ್ವಾ? ಆಮೇಲೆ ಅದು ಗುರುತಿಸಿದವರಿಗಷ್ಟೇ ಹೋದದ್ದು ಅಂತ ಹೇಗೆ ತೋರಿಸುವುದು?

ಲೆಕ್ಕದ ಅಂಕಿಯೂ ಬೇಡ. ಖಾತೆಯಲ್ಲಿರುವ ದುಡ್ಡು ಎಷ್ಟು ತಿಂಗಳಿಗೆ ಸಾಕು ಅನ್ನುವುದು ಹೂಡಿಕೆದಾರರಿಗೆ ಗೊತ್ತಿರಲೇಬೇಕು, ಅದಕ್ಕೆ ಬೇರೆ ವರದಿ ಇದೆ. ಅದೇ ಅಂಕಿ ಕಾಫಿ ಮಾರುವ ಬೆಳೆಗಾರರ ಕೈಗೆ ಹಬ್ಬದ ಹೊತ್ತಲ್ಲಿ ಸಿಕ್ಕರೆ, ಅವರು ಸುಮ್ನೆ 'ನನ್ನ ಬಾಕಿ ಬರುತ್ತದೋ ಇಲ್ಲವೋ' ಅಂತ ಚಿಂತೆ ಮಾಡುತ್ತಾರೆ.

ಹಾಗಾದರೆ ಏನು ಬರೆಯಬೇಕು? ಪತ್ರ ಯಾರಿಗೆ ಹೋಗುತ್ತದೋ ಅವರು ಆ ವರ್ಷ ನಮಗಾಗಿ ಮಾಡಿದ ಒಂದು ಕೆಲಸ. ಅದಕ್ಕೇ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಳಿಸುತ್ತೇನೆ. ಒಬ್ಬ ಬೆಳೆಗಾರರಿಗೆ ಈ ಸಲ ಬರೆದದ್ದು ಹೀಗಿದೆ:

'ಅಣ್ಣಾ, ಪುತ್ತರಿ ಶುಭಾಶಯ. ಅಕಾಲದ ಮಳೆ ಬಂದ ರಾತ್ರಿ ನೀವು ಟಾರ್ಪಾಲ್ ಹೊತ್ತು ನಮ್ಮ ಕಣಕ್ಕೆ ಓಡಿ ಬಂದಿರಿ. ಒಣಗಲು ಹಾಕಿದ್ದ ಹಣ್ಣು ಬೂಸ್ಟು ಹಿಡಿಯದೆ ಉಳಿದದ್ದು ನಿಮ್ಮಿಂದ. ಮನೆಯವರಿಗೆಲ್ಲ ನಮ್ಮ ನಮಸ್ಕಾರ ತಿಳಿಸಿ. ಹಬ್ಬ ಮುಗಿಸಿಕೊಂಡು ಬರುತ್ತೇನೆ, ಹೊಸ ಕೊಯ್ಲಿನ ಮಾತು ಆಗ ಆಡೋಣ.'

ಹೂಡಿಕೆದಾರರ ಪತ್ರವೂ ಇಷ್ಟೇ ಉದ್ದ. ಅಲ್ಲಿ ಅಣ್ಣಾ ಬದಲು ಸರ್ ಅಥವಾ ಮೇಡಂ, ಮಳೆ ರಾತ್ರಿಯ ಬದಲು ಅವರು ಪರಿಚಯ ಮಾಡಿಸಿಕೊಟ್ಟ ಒಂದು ಹೋಟೆಲ್. ಬೆಂಗಳೂರಿನಲ್ಲಿ ಇರುವವರಿಗೆ ಪುತ್ತರಿ ಅಂದರೆ ಹೊಸ ಭತ್ತದ ಕದಿರು ಮನೆ ತುಂಬಿಸಿಕೊಳ್ಳುವ ಹಬ್ಬ ಅಂತ ಒಂದು ಸಾಲು ಜಾಸ್ತಿ ಬರೆಯುತ್ತೇನೆ.

ಕಳಿಸುವುದು ಹಬ್ಬದ ದಿನ ಬೆಳಿಗ್ಗೆ. ರಾತ್ರಿ ಕದಿರು ತೆಗೆಯುವ ಮುಹೂರ್ತ, ಗದ್ದೆಯಲ್ಲಿ ಕೋವಿ ಸದ್ದು, 'ಪೊಲಿ ಪೊಲಿ ದೇವಾ' ಅನ್ನುವ ಕೂಗು. ಆ ಹೊತ್ತಿಗೆ ನಾನೂ ಗದ್ದೆಯಲ್ಲಿರುತ್ತೇನೆ.