ಹತ್ತು ದಿನ ಎಂದರೆ ಯಾವ ದಿನದಿಂದ? ಇನ್ವಾಯ್ಸ್ ರಿಯಾಯಿತಿ, ವಿಳಂಬ ಬಡ್ಡಿ ಮತ್ತು ಸಾಫ್ಟ್‌ವೇರ್‌ನ ಲೆಕ್ಕ

[ಪರದೆಯ ಮೇಲೆ ಒಂದು ಇನ್ವಾಯ್ಸ್. ಕೆಳಗಿನ ಸಾಲು ದೊಡ್ಡದಾಗಿ ಕಾಣುತ್ತದೆ: 2/10 net 30]

ನಮಸ್ಕಾರ. ಪೂರೈಕೆದಾರರು ಕಳುಹಿಸುವ ಇನ್ವಾಯ್ಸ್‌ನಲ್ಲಿ ಕಾಣುವ ಈ ಪುಟ್ಟ ಸಾಲಿನ ಅರ್ಥ ಸರಳವಾಗಿದೆ. ಹತ್ತು ದಿನಗಳೊಳಗೆ ಹಣ ಕೊಟ್ಟರೆ ಶೇಕಡಾ 2ರಷ್ಟು ರಿಯಾಯಿತಿ ಸಿಗುತ್ತದೆ, ಇಲ್ಲವಾದರೆ ಮೂವತ್ತು ದಿನಗಳೊಳಗೆ ಪೂರ್ತಿ ಮೊತ್ತ ಕೊಡಬೇಕು. ಅದರ ಜೊತೆಗೆ ಒಪ್ಪಂದದಲ್ಲಿ ಮತ್ತೊಂದು ಷರತ್ತು ಇರಬಹುದು: ಮೂವತ್ತು ದಿನ ಮೀರಿದರೆ ಬಾಕಿಯ ಮೇಲೆ ವರ್ಷಕ್ಕೆ ಇಷ್ಟು ಬಡ್ಡಿ. ಇಂದಿನ ಉದಾಹರಣೆಗೆ ಆ ದರವನ್ನು ಶೇಕಡಾ 12 ಎಂದು ಇಟ್ಟುಕೊಳ್ಳೋಣ.

ಶೇಕಡಾ 2 ಎಂಬುದು ಕೇಳಲು ಸಣ್ಣದು. ಆದರೆ ರಿಯಾಯಿತಿಯನ್ನು ಬಿಟ್ಟುಕೊಟ್ಟವರು ಅದಕ್ಕೆ ಬದಲಾಗಿ ಪಡೆಯುವುದು ಶೇಕಡಾ 98ರಷ್ಟು ಹಣವನ್ನು ಇನ್ನೂ ಇಪ್ಪತ್ತು ದಿನ ತಮ್ಮಲ್ಲೇ ಇಟ್ಟುಕೊಳ್ಳುವ ಅವಕಾಶವನ್ನು ಮಾತ್ರ. ಆ ಇಪ್ಪತ್ತು ದಿನಗಳಿಗೆ ತೆತ್ತ ಬೆಲೆಯನ್ನು ವರ್ಷದ ಲೆಕ್ಕಕ್ಕೆ ತಂದರೆ ಹೀಗಾಗುತ್ತದೆ.

```
(2 / 98) × (365 / 20) = 37.24%
```

ವಿಳಂಬ ಬಡ್ಡಿಯ ದರ 12, ಕೈಬಿಟ್ಟ ರಿಯಾಯಿತಿಯ ದರ 37. ಬಡ್ಡಿಗೆ ಹೆದರುವವರು ರಿಯಾಯಿತಿ ತಪ್ಪಿದ್ದನ್ನು ಗಮನಿಸದೇ ಇರುವುದುಂಟು, ಏಕೆಂದರೆ ಬಡ್ಡಿಗೆ ಬೇಡಿಕೆಯ ಪತ್ರ ಬರುತ್ತದೆ, ತಪ್ಪಿದ ರಿಯಾಯಿತಿಗೆ ಯಾರೂ ಪತ್ರ ಬರೆಯುವುದಿಲ್ಲ.

[ಪರದೆಯ ಮೇಲೆ ಮಾರ್ಚ್ ತಿಂಗಳ ಕ್ಯಾಲೆಂಡರ್. 1, 9, 11, 31 ತಾರೀಖುಗಳಿಗೆ ಗುರುತು]

ಸಾಫ್ಟ್‌ವೇರ್ ಈ ಶೇಕಡಾವಾರು ಗುಣಾಕಾರದಲ್ಲಿ ತಪ್ಪುವುದು ಅಪರೂಪ. ತಪ್ಪು ಹುಟ್ಟುವುದು ಅದಕ್ಕೂ ಮೊದಲು, ದಿನಗಳನ್ನು ಎಲ್ಲಿಂದ ಎಣಿಸಬೇಕು ಎಂಬಲ್ಲಿ. ಎಣಿಕೆ ಆರಂಭವಾಗುವ ಈ ತಾರೀಖನ್ನು ಲೆಕ್ಕಪತ್ರ ವಿಭಾಗದವರು ಬೇಸ್‌ಲೈನ್ ಡೇಟ್ ಎನ್ನುತ್ತಾರೆ. ಎಸ್‌ಎಪಿ ಎಂಬ ವ್ಯವಹಾರ ಸಾಫ್ಟ್‌ವೇರ್‌ನಲ್ಲಿ ಪಾವತಿ ಷರತ್ತನ್ನು ರೂಪಿಸುವಾಗ ಇದನ್ನು ದಾಖಲೆಯ ತಾರೀಖಿನಿಂದಲೋ, ಲೆಕ್ಕದ ಪುಸ್ತಕಕ್ಕೆ ಸೇರುವ ಪೋಸ್ಟಿಂಗ್ ತಾರೀಖಿನಿಂದಲೋ, ನಮೂದಿಸಿದ ತಾರೀಖಿನಿಂದಲೋ ತೆಗೆದುಕೊಳ್ಳುವಂತೆ ಹೊಂದಿಸಬಹುದು. ಓರಾಕಲ್‌ನಲ್ಲಿ ಇದೇ ಆಯ್ಕೆಗೆ `Terms Date Basis` ಎಂದು ಹೆಸರು, ಅಲ್ಲಿ ಸರಕು ಕೈಸೇರಿದ ದಿನ ಅಥವಾ ಇನ್ವಾಯ್ಸ್ ಕೈಸೇರಿದ ದಿನವನ್ನೂ ಆರಿಸಿಕೊಳ್ಳಬಹುದು. ಒಪ್ಪಂದದಲ್ಲಿರುವ ಮಾತಿಗೂ ಈ ಆಯ್ಕೆಗೂ ಹೊಂದಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಇನ್ವಾಯ್ಸ್‌ನ ಜೊತೆಯಲ್ಲೇ ನಡೆದು ನೋಡೋಣ.

ಒಂದು ಲಕ್ಷ ಮೊತ್ತದ ಇನ್ವಾಯ್ಸ್, ತಾರೀಖು ಮಾರ್ಚ್ 1. ಒಪ್ಪಂದದ ಪ್ರಕಾರ ಎಣಿಕೆ ಇನ್ವಾಯ್ಸ್ ತಾರೀಖಿನಿಂದ. ಹಾಗಾಗಿ ರಿಯಾಯಿತಿಯ ಕೊನೆಯ ದಿನ ಮಾರ್ಚ್ 11, ಪೂರ್ತಿ ಪಾವತಿಯ ಗಡುವು ಮಾರ್ಚ್ 31. ಆದರೆ ಇನ್ವಾಯ್ಸ್ ಖರೀದಿದಾರರ ಕೈಸೇರಿ, ಸಿಸ್ಟಂನಲ್ಲಿ ನಮೂದಾಗುವ ಹೊತ್ತಿಗೆ ಮಾರ್ಚ್ 9 ಆಗಿದೆ. ಸಿಸ್ಟಂ ನಮೂದಿಸಿದ ದಿನದಿಂದಲೇ ಎಣಿಸುತ್ತದೆ, ಆದ್ದರಿಂದ ಅದರ ದೃಷ್ಟಿಯಲ್ಲಿ ರಿಯಾಯಿತಿ ಮಾರ್ಚ್ 19ರವರೆಗೆ ಇದೆ, ಗಡುವು ಏಪ್ರಿಲ್ 8ಕ್ಕೆ.

ಈ ಕಂಪನಿಯಲ್ಲಿ ಇನ್ವಾಯ್ಸ್‌ಗಳಿಗೆ ಒಟ್ಟಿಗೆ ಹಣ ಕಳುಹಿಸುವ ಪೇಮೆಂಟ್ ರನ್ ವಾರಕ್ಕೊಮ್ಮೆ ನಡೆಯುತ್ತದೆ: ಮಾರ್ಚ್ 5, 12, 19, 26, ಏಪ್ರಿಲ್ 2, 9. ರಿಯಾಯಿತಿಯನ್ನು ಕಾಯ್ದುಕೊಳ್ಳುವಂತೆ ಹೊಂದಿಸಿದ ಪೇಮೆಂಟ್ ಪ್ರೋಗ್ರಾಂ ಪ್ರತಿ ಇನ್ವಾಯ್ಸ್‌ಗೂ ಕೇಳುವ ಪ್ರಶ್ನೆ ಒಂದೇ: ಇದನ್ನು ಮುಂದಿನ ರನ್‌ವರೆಗೆ ತಡೆದರೆ ರಿಯಾಯಿತಿ ತಪ್ಪುತ್ತದೆಯೇ? ಎಸ್‌ಎಪಿಯ `F110` ಪರದೆಯಲ್ಲಿ ಮುಂದಿನ ರನ್‌ನ ತಾರೀಖನ್ನು ಕೇಳುವುದು ಇದಕ್ಕಾಗಿಯೇ. ಮಾರ್ಚ್ 12ರಂದು ಪ್ರೋಗ್ರಾಂ ನಮ್ಮ ಇನ್ವಾಯ್ಸ್ ನೋಡುತ್ತದೆ, ಮುಂದಿನ ರನ್ 19ಕ್ಕೆ ಇರುವುದರಿಂದ ರಿಯಾಯಿತಿ ಆಗಲೂ ಸಿಗುತ್ತದೆ ಎಂದು ತೀರ್ಮಾನಿಸಿ ಅದನ್ನು ಮುಂದಕ್ಕೆ ಹಾಕುತ್ತದೆ. ಮಾರ್ಚ್ 19ರಂದು 98,000 ಕಳುಹಿಸಿ, ಇನ್ವಾಯ್ಸ್ ಪೂರ್ತಿ ತೀರಿತು ಎಂದು ಗುರುತಿಸುತ್ತದೆ. ಪರದೆಯಲ್ಲಿ ಎಲ್ಲಿಯೂ ಎಚ್ಚರಿಕೆ ಕಾಣುವುದಿಲ್ಲ, ಏಕೆಂದರೆ ತನಗೆ ಕೊಟ್ಟ ತಾರೀಖಿನ ಮಟ್ಟಿಗೆ ಪ್ರೋಗ್ರಾಂ ಸರಿಯಾಗಿಯೇ ನಡೆದುಕೊಂಡಿದೆ.

[ಪರದೆ ಎರಡಾಗುತ್ತದೆ. ಎಡಕ್ಕೆ ಖರೀದಿದಾರರ ಪುಸ್ತಕ: ಬಾಕಿ 0. ಬಲಕ್ಕೆ ಪೂರೈಕೆದಾರರ ಪುಸ್ತಕ: ಬಾಕಿ 2,000]

ಪೂರೈಕೆದಾರರ ಪುಸ್ತಕದಲ್ಲಿ ಚಿತ್ರ ಬೇರೆಯೇ ಇದೆ. ರಿಯಾಯಿತಿ 11ಕ್ಕೇ ಮುಗಿದಿರುವುದರಿಂದ ಅವರು 98,000ವನ್ನು ಜಮಾ ಮಾಡಿಕೊಂಡು, ಉಳಿದ 2,000ವನ್ನು ಬಾಕಿ ಎಂದು ತೋರಿಸುತ್ತಾರೆ. ಮಾರ್ಚ್ 31 ದಾಟಿದ ಮೇಲೆ ಆ 2,000ದ ಮೇಲೆ ಬಡ್ಡಿ ಬೆಳೆಯಲು ಆರಂಭವಾಗುತ್ತದೆ. ಹಕ್ಕಿಲ್ಲದೆ ಹಿಡಿದುಕೊಂಡ ರಿಯಾಯಿತಿ ಹೀಗೆ ವಿಳಂಬ ಬಡ್ಡಿಯ ಅಸಲಾಗಿ ಬದಲಾಗುತ್ತದೆ. ಮೇ 30ಕ್ಕೆ ಇತ್ಯರ್ಥವಾಯಿತು ಎಂದುಕೊಂಡರೆ 60 ದಿನಗಳ ಸರಳ ಬಡ್ಡಿ 39.45. ಮೊತ್ತ ಚಿಕ್ಕದು, ನಿಜ. ಆದರೆ ಒಂದೇ ಷರತ್ತಿನಡಿ ಬರುವ ಪ್ರತಿ ಇನ್ವಾಯ್ಸ್‌ನಲ್ಲೂ ಇದೇ ಕೊರತೆ ಸಾಲುಗಟ್ಟಿದಾಗ, ಎರಡೂ ಕಡೆಯ ಗುಮಾಸ್ತರು ತಿಂಗಳ ಕೊನೆಯಲ್ಲಿ ಕೂತು ಒಂದೊಂದನ್ನೇ ತಾಳೆ ನೋಡಬೇಕಾಗುತ್ತದೆ. ಆ ಶ್ರಮ ಬಡ್ಡಿಗಿಂತ ದುಬಾರಿ.

ತಾರೀಖನ್ನು ಸರಿಪಡಿಸಿದ ಮಾತ್ರಕ್ಕೆ ಎಲ್ಲವೂ ಬಗೆಹರಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಸಿಸ್ಟಂ ಇನ್ವಾಯ್ಸ್ ತಾರೀಖಿನಿಂದಲೇ ಎಣಿಸಿತು ಎಂದುಕೊಳ್ಳಿ. ಮಾರ್ಚ್ 9ರಂದು ನಮೂದಾದ ಇನ್ವಾಯ್ಸ್‌ನ ರಿಯಾಯಿತಿ 11ಕ್ಕೆ ಮುಗಿಯುತ್ತದೆ, ಮುಂದಿನ ರನ್ ಇರುವುದು 12ಕ್ಕೆ. ಒಂದೇ ದಿನದ ಅಂತರದಲ್ಲಿ 2,000 ಕೈತಪ್ಪುತ್ತದೆ. ಇದನ್ನು ಉಳಿಸಿಕೊಳ್ಳಲು ವಾರದ ನಡುವೆ ಪ್ರತ್ಯೇಕ ರನ್ ಮಾಡಬೇಕು, ಇಲ್ಲವೇ ಒಂದೆರಡು ದಿನಗಳ ಗ್ರೇಸ್ ಅವಧಿಗೆ ಪೂರೈಕೆದಾರರಿಂದ ಮೊದಲೇ ಒಪ್ಪಿಗೆ ಪಡೆದಿರಬೇಕು. ಖರೀದಿದಾರರು ತಮ್ಮ ಸಿಸ್ಟಂನಲ್ಲಿ ತಾವಾಗಿಯೇ ಗ್ರೇಸ್ ದಿನಗಳನ್ನು ತುಂಬಿಕೊಂಡರೆ ಮತ್ತೆ ಅದೇ 2,000ದ ತಕರಾರು ಹುಟ್ಟುತ್ತದೆ. ಪಾವತಿ ಎಂದರೆ ಹಣ ಕಳುಹಿಸಿದ ದಿನವೋ, ಪೂರೈಕೆದಾರರ ಖಾತೆಗೆ ಸೇರಿದ ದಿನವೋ ಎಂಬುದನ್ನೂ ಒಪ್ಪಂದದಲ್ಲಿ ಓದಿ ನೋಡಿ. 11ರ ಸಂಜೆ ಹೊರಟ ಹಣ 12ಕ್ಕೆ ತಲುಪಬಹುದು.

ಇನ್ನು ಬಡ್ಡಿಯ ಕಡೆಗೆ ಬರೋಣ. ಬೇಸ್‌ಲೈನ್ ತಪ್ಪಿರುವ ಅದೇ ಸಿಸ್ಟಂನಲ್ಲಿ ಇನ್ವಾಯ್ಸ್‌ಗೆ ಮಾರ್ಚ್ 19ರ ನಂತರ ಅನುಮೋದನೆ ಸಿಕ್ಕಿತು ಎಂದು ಭಾವಿಸಿ. ಗಡುವು ಏಪ್ರಿಲ್ 8 ಎಂದು ನಂಬಿರುವ ಪ್ರೋಗ್ರಾಂ ಮಾರ್ಚ್ 26ರಂದು ಅವಸರಪಡುವುದಿಲ್ಲ, ಏಪ್ರಿಲ್ 2ರಂದು ಪೂರ್ತಿ ಲಕ್ಷವನ್ನು ಕಳುಹಿಸುತ್ತದೆ. ನಿಜವಾದ ಗಡುವಿನಿಂದ ಎರಡು ದಿನ ತಡವಾಗಿದೆ. ವರ್ಷಕ್ಕೆ 365 ದಿನ ಹಿಡಿದರೆ ಬಡ್ಡಿ 65.75, ಒಪ್ಪಂದದಲ್ಲಿ 360 ಎಂದಿದ್ದರೆ 66.67. ಖರೀದಿದಾರರ ಸಿಸ್ಟಂ ಸಾಮಾನ್ಯವಾಗಿ ಈ ಬಡ್ಡಿಯನ್ನು ತಾನಾಗಿ ಲೆಕ್ಕ ಹಾಕುವುದಿಲ್ಲ, ಪೂರೈಕೆದಾರರ ಸಿಸ್ಟಂ ಬಡ್ಡಿಯ ರನ್ ನಡೆಸಿ ಪ್ರತ್ಯೇಕ ಬಿಲ್ ಕಳುಹಿಸಿದಾಗಲೇ ವಿಷಯ ತಿಳಿಯುವುದು. ಆ ಬಿಲ್ ಬಂದಾಗ ಅದರಲ್ಲಿರುವ ದಿನಗಳ ಎಣಿಕೆಯನ್ನು, ಒಂದೇ ಅವಧಿಗೆ ಎರಡು ಸಲ ಬಡ್ಡಿ ಹಾಕಿಲ್ಲವೆಂಬುದನ್ನು ಪರಿಶೀಲಿಸಿ.

ಸರಕು ಸರಿಯಿಲ್ಲವೆಂದು ಇನ್ವಾಯ್ಸ್ ಅನ್ನು ಪಾವತಿಗೆ ತಡೆಹಿಡಿದರೆ ದಿನಗಳ ಎಣಿಕೆ ನಿಲ್ಲುತ್ತದೆ ಎಂದು ಹಲವರು ತಿಳಿದಿರುತ್ತಾರೆ. ತಡೆ ಹಾಕುವುದರಿಂದ ಹಣ ಹೊರಗೆ ಹೋಗುವುದು ನಿಲ್ಲುತ್ತದೆಯೇ ಹೊರತು ಗಡುವಿನ ತಾರೀಖು ಇದ್ದಲ್ಲೇ ಇರುತ್ತದೆ. ತಕರಾರಿನ ಅವಧಿಯನ್ನು ಬಿಡಬೇಕೆಂದು ಒಪ್ಪಂದವಿದ್ದರೆ, ತಕರಾರು ತೀರಿದ ದಿನ ಬೇಸ್‌ಲೈನ್ ಡೇಟ್ ಅನ್ನು ಕೈಯಾರೆ ತಿದ್ದಿ, ಕಾರಣವನ್ನು ಅಲ್ಲಿಯೇ ಬರೆದಿಡಬೇಕು.

[ಪರದೆಯ ಮೇಲೆ SQL ಕ್ವೆರಿ]

ನಿಮ್ಮ ಸಿಸ್ಟಂನಲ್ಲಿ ಇಂಥ ತಪ್ಪು ನಡೆಯುತ್ತಿದೆಯೇ ಎಂದು ತಿಳಿಯಲು, ಹತ್ತು ದಿನಗಳ ಷರತ್ತಿರುವ ಪಾವತಿಗಳಲ್ಲಿ ಇದನ್ನು ಹುಡುಕಿ ನೋಡಿ. ಕಾಲಂಗಳ ಹೆಸರು ನಿಮ್ಮಲ್ಲಿ ಬೇರೆ ಇರಬಹುದು.

```
SELECT invoice_no, discount_taken
FROM payments
WHERE discount_taken > 0
  AND paid_date - invoice_date > 10;
```

ಒಪ್ಪಂದದಲ್ಲಿ ಎಣಿಕೆ ಇನ್ವಾಯ್ಸ್ ತಾರೀಖಿನಿಂದ ಎಂದಿದ್ದು, ಇಲ್ಲಿ ಸಾಲುಗಳು ಕಾಣಿಸಿಕೊಂಡರೆ, ಅವುಗಳಲ್ಲಿ ಪ್ರತಿಯೊಂದೂ ಪೂರೈಕೆದಾರರ ಪುಸ್ತಕದಲ್ಲಿ ಬಾಕಿಯಾಗಿ ಕುಳಿತಿರುವ ಸಾಧ್ಯತೆ ಇದೆ. ಅವರಿಂದ ಖಾತೆಯ ಸ್ಟೇಟ್‌ಮೆಂಟ್ ತರಿಸಿಕೊಂಡು ಆ ಸಾಲುಗಳೊಂದಿಗೆ ತಾಳೆ ಹಾಕಿ, ನಂತರ ಪಾವತಿ ಷರತ್ತಿನ ಬೇಸ್‌ಲೈನ್ ಆಯ್ಕೆಯನ್ನು ಬದಲಿಸಿ. ಈ ಬದಲಾವಣೆ ಹೊಸ ಇನ್ವಾಯ್ಸ್‌ಗಳಿಗೆ ಮಾತ್ರ ತಗಲುತ್ತದೆ, ಈಗಾಗಲೇ ನಮೂದಾಗಿರುವವುಗಳ ತಾರೀಖನ್ನು ಪ್ರತ್ಯೇಕವಾಗಿ ತಿದ್ದಬೇಕು.