ಕ್ಷಣಕ್ಷಣಕ್ಕೂ ಬಡ್ಡಿ ಸೇರಿದರೆ ಎಷ್ಟಾಗುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ. ಬ್ಯಾಂಕಿನಲ್ಲಿ ಠೇವಣಿ ಇಟ್ಟವರು ಇವತ್ತು ಒಂದೇ ಮಾತು ನೆನಪಿಟ್ಟುಕೊಳ್ಳಿ. ದರ ಅದೇ ಇದ್ದರೆ, ಬಡ್ಡಿಯನ್ನು ಅಸಲಿಗೆ ಎಷ್ಟು ಸಲ ಸೇರಿಸಿದರೂ ಅದಕ್ಕೊಂದು ಮಿತಿ ಇದೆ.

ನನ್ನ ಸೋದರಮಾವ ಇದನ್ನು ಒಪ್ಪುತ್ತಲೇ ಇರಲಿಲ್ಲ. ಶೇಕಡಾ 8ರ ದರದಲ್ಲಿ ಒಂದು ಲಕ್ಷ ಇಟ್ಟಿದ್ದರು. ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುತ್ತಿತ್ತು. ಒಂದು ಭಾನುವಾರ ಜಗಲಿ ಮೇಲೆ ಕೂತು, "ಅಲ್ವೋ, ಇವರು ದಿನಾ ಸೇರಿಸಿದ್ರೆ ಎಷ್ಟು ಬರ್ತಿತ್ತು! ಕ್ಷಣಕ್ಷಣಕ್ಕೂ ಸೇರಿಸಿದ್ರೆ?" ಅಂದರು. "ಲೆಕ್ಕ ಹಾಕಿಯೇ ನೋಡೋಣ ಮಾವ" ಅಂದೆ. ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆಯುತ್ತಾ ಹೋದೆವು.

ವರ್ಷಕ್ಕೊಮ್ಮೆ ಸೇರಿಸಿದರೆ ಬಡ್ಡಿ 8,000. ಆರು ತಿಂಗಳಿಗೊಮ್ಮೆ ಸೇರಿಸಿದರೆ 8,160. ಮಾವನ ಮುಖ ಅರಳಿತು. ಮೂರು ತಿಂಗಳಿಗೊಮ್ಮೆ ಆದರೆ 8,243. ತಿಂಗಳಿಗೊಮ್ಮೆ 8,300. ದಿನಾ ಸೇರಿಸಿದರೆ 8,327 ರೂಪಾಯಿ 76 ಪೈಸೆ. "ಇಷ್ಟೇನಾ?" ಅಂದರು. ಕ್ಷಣಕ್ಷಣಕ್ಕೂ ಸೇರಿಸಿದರೆ 8,328 ರೂಪಾಯಿ 71 ಪೈಸೆ. ದಿನಕ್ಕೂ ಕ್ಷಣಕ್ಕೂ ವ್ಯತ್ಯಾಸ ಬರೀ 95 ಪೈಸೆ! ಮಾವ ಎರಡು ಸಲ ಕೂಡಿಸಿ ನೋಡಿದರು. ತಪ್ಪಿರಲಿಲ್ಲ.

ಯಾಕೆ ಹೀಗೆ? ಬಡ್ಡಿ ಹನಿಹನಿಯಾಗಿ ಬೀಳುತ್ತದೆ ಅಂದುಕೊಳ್ಳಿ. ಮೊದಲ ಹನಿ ವರ್ಷಪೂರ್ತಿ ದುಡಿಯುತ್ತದೆ. ಕೊನೆಯ ಹನಿಗೆ ದುಡಿಯಲು ಸಮಯವೇ ಇಲ್ಲ. ಸರಾಸರಿ ಅರ್ಧ ವರ್ಷ. 8,000ಕ್ಕೆ ಅರ್ಧ ವರ್ಷದ ಬಡ್ಡಿ 320. ಈ 320 ಕೂಡ ದುಡಿಯುತ್ತದೆ, ಆದರೆ ಸರಾಸರಿ ವರ್ಷದ ಮೂರನೇ ಒಂದು ಭಾಗ ಮಾತ್ರ. ಅದರಿಂದ ಬರುವುದು ಎಂಟೂವರೆ ರೂಪಾಯಿ. ಅದರ ಮೇಲೆ 17 ಪೈಸೆ. ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಮೇಲಿನ ಬಡ್ಡಿ ಚಿಕ್ಕದಾಗುತ್ತಲೇ ಹೋಗುತ್ತದೆ, ಅದಕ್ಕೇ ಮಿತಿ.

ಸಮಯ ಕಡಿಮೆ ಇದೆ, ಕ್ಷಣಕ್ಷಣಕ್ಕೂ ಸೇರಿಸುವ ಲೆಕ್ಕದ ಸೂತ್ರ ಬೇಗ ಹೇಳಿಬಿಡುತ್ತೇನೆ. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಸಾಮಾನ್ಯವಾಗಿ e^x ಎಂಬ ಗುಂಡಿ ಕಾಣುತ್ತದೆ. ದರವನ್ನು ವರ್ಷಗಳಿಂದ ಗುಣಿಸಿ, ಅದಕ್ಕೆ ಈ ಗುಂಡಿ ಒತ್ತಿ, ಬಂದದ್ದನ್ನು ಅಸಲಿನಿಂದ ಗುಣಿಸಿ. ಅಸಲೂ ಬಡ್ಡಿಯೂ ಸೇರಿದ ಮೊತ್ತ ಸಿಗುತ್ತದೆ. ಶೇಕಡಾ 8ನ್ನು 0.08 ಅಂತ ಹಾಕಬೇಕು. ಸುಮ್ನೆ 8 ಹಾಕಿದರೆ ಲಕ್ಷ ರೂಪಾಯಿ ಇಪ್ಪತ್ತೊಂಬತ್ತು ಕೋಟಿ ದಾಟುತ್ತದೆ. ಅಂಥ ಉತ್ತರ ಬಂದರೆ ಎಲ್ಲಿ ತಪ್ಪಿದಿರಿ ಅಂತ ಗೊತ್ತಾಯಿತಲ್ಲ?

ಹತ್ತು ವರ್ಷ ಇಟ್ಟರೆ? ಅಸಲೂ ಸೇರಿ, ಮೂರು ತಿಂಗಳಿಗೊಮ್ಮೆ ಆದರೆ 2,20,804. ಕ್ಷಣಕ್ಷಣಕ್ಕೂ ಆದರೆ 2,22,554. ಹತ್ತು ವರ್ಷಕ್ಕೆ 1,750 ರೂಪಾಯಿ ಜಾಸ್ತಿ, ಅಷ್ಟೇ.

ಇನ್ನೊಂದು ಬ್ಯಾಂಕು ವರ್ಷಕ್ಕೊಮ್ಮೆಯೇ ಸೇರಿಸಿದರೂ ಶೇಕಡಾ 8.4 ಕೊಟ್ಟರೆ, ವರ್ಷಕ್ಕೆ 8,400 ಬರುತ್ತದೆ. ಶೇಕಡಾ 8ರಲ್ಲಿ ಕ್ಷಣಕ್ಷಣಕ್ಕೂ ಸೇರಿಸಿದರೂ ಅಷ್ಟು ಬರುವುದಿಲ್ಲ. ಠೇವಣಿಯ ಅವಧಿ ಮುಗಿದಾಗ ಮಾವ ಬ್ಯಾಂಕಿಗೆ ಹೋಗಿ ಕೇಳಿದ ಮೊದಲ ಪ್ರಶ್ನೆ, "ದರ ಎಷ್ಟಪ್ಪಾ ಈಗ?"